ಮೂರು ಸಲ ಏರ್ ತೆಗೆದರೂ ಬ್ರೇಕ್ ಪೆಡಲ್ ಮೆತ್ತಗೇ ಇದೆ, ಯಾಕೆ?

ಪ್ರಶ್ನೆ: ನನ್ನ ಕಾರಿಗೆ ಏಳು ವರ್ಷ. ಮುಂದೆ ಡಿಸ್ಕ್, ಹಿಂದೆ ಡ್ರಮ್. ಬ್ರೇಕ್ ಹಿಡ್ಕೊಳ್ತಿತ್ತು ಅಂತ ಮುಂದಿನ ಎರಡೂ ಕ್ಯಾಲಿಪರ್ ಬಿಚ್ಚಿಸಿ ಸೀಲ್ ಕಿಟ್ ಹಾಕಿಸಿದೆ, ಪ್ಯಾಡನ್ನೂ ಬದಲಾಯಿಸಿದರು. ಅವತ್ತಿನಿಂದ ಪೆಡಲ್ ಸ್ಪಾಂಜ್ ತುಳಿದ ಹಾಗಿದೆ. ಮೊದಲ ಸಲ ಅರ್ಧಕ್ಕಿಂತ ಕೆಳಗೆ ಹೋಗುತ್ತೆ, ತಕ್ಷಣ ಇನ್ನೊಮ್ಮೆ ತುಳಿದರೆ ಮೇಲೇ ನಿಲ್ಲುತ್ತೆ. ಮೂರು ಸಲ ಏರ್ ತೆಗೆದಾಯ್ತು. ಹೊಸ ಪ್ಯಾಡ್, ಸೆಟ್ ಆಗುತ್ತೆ ಅಂತಾರೆ ಮೆಕ್ಯಾನಿಕ್. ಬೂಸ್ಟರ್ ಹೋಗಿದೆ, ಎಂಜಿನ್ ಸ್ಟಾರ್ಟ್ ಮಾಡಿದಾಗ ಪೆಡಲ್ ಇಳಿಯುತ್ತಲ್ಲ ಅಂತಾರೆ ಸ್ನೇಹಿತರು. ಕಾರೇನೋ ನಿಲ್ಲುತ್ತಿದೆ. ಹೀಗೇ ಓಡಿಸಬಹುದಾ? ಸ್ವಲ್ಪ ಗಾಳಿ ಇದ್ದರೆ ಇಷ್ಟೆಲ್ಲ ಆಗುತ್ತಾ?

ಉತ್ತರ: ಓಡಿಸಬೇಡಿ. ಪೆಡಲ್ ಸರಿಯಾಗುವವರೆಗೆ ಕಾರು ನಿಂತಿರಲಿ. ಗ್ಯಾರೇಜಿಗೆ ಒಯ್ಯಬೇಕಾದರೂ ಎಳೆದುಕೊಂಡು ಹೋಗುವ ಗಾಡಿಗೆ ಹೇಳಿ. ನನ್ನ ಅನುಮಾನ ಎಲ್ಲಿದೆ ಅನ್ನುವುದನ್ನೂ ಈಗಲೇ ಹೇಳಿಬಿಡುತ್ತೇನೆ. ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ನಿಮ್ಮ ಎರಡು ಕ್ಯಾಲಿಪರ್‌ಗಳು ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಕೂತಿರಬಹುದು. ಅದು ನಿಜವಾದರೆ ಮೂರಲ್ಲ, ಮೂವತ್ತು ಸಲ ಏರ್ ತೆಗೆದರೂ ಅಷ್ಟೇ. ಹಾಗೆ ಯಾಕೆ ಅಂತ ತಿಳಿಯಬೇಕಾದರೆ ಬ್ರೇಕ್ ಹೇಗೆ ಕೆಲಸ ಮಾಡುತ್ತೆ ಅನ್ನುವುದರಿಂದ ಶುರು ಮಾಡಬೇಕು.

ನಿಮ್ಮದರಂಥ ಒಂದು ಸಾಧಾರಣ ಕಾರಿನ ಲೆಕ್ಕ ಹಾಕೋಣ. ಅಳತೆಗಳು ಕಾರಿನಿಂದ ಕಾರಿಗೆ ಬದಲಾಗುತ್ತವೆ, ಆದರೆ ಹೆಚ್ಚುಕಡಿಮೆ ಇದೇ ಆಸುಪಾಸಿನಲ್ಲಿರುತ್ತವೆ. ನೀವು ಕಾಲಿನಿಂದ 20 ಕೆಜಿಯಷ್ಟು ಬಲ ಹಾಕುತ್ತೀರಿ ಅಂತ ಇಟ್ಟುಕೊಳ್ಳಿ. ಪೆಡಲ್ ಒಂದು ಸನ್ನೆಕೋಲು. ಕಾಲು ಒತ್ತುವ ತುದಿ ಕೀಲಿನಿಂದ ದೂರ, ರಾಡ್ ತಳ್ಳುವ ಜಾಗ ಕೀಲಿಗೆ ಹತ್ತಿರ. ಅಲ್ಲೇ ಬಲ ನಾಲ್ಕು ಪಟ್ಟಾಗುತ್ತೆ, ಅಂದರೆ 80 ಕೆಜಿ. ಆಮೇಲೆ ಬೂಸ್ಟರ್. ಅದು ಎಂಜಿನ್ನಿನ ವ್ಯಾಕ್ಯೂಮ್ ಬಳಸಿಕೊಂಡು ಇನ್ನು ಮೂರು ಪಟ್ಟು ಮಾಡಿತು ಅಂದರೆ ಬ್ರೇಕ್ ಆಯಿಲನ್ನು ಲೈನಿಗೆ ತಳ್ಳುವ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಮೇಲೆ ಬೀಳುವುದು 240 ಕೆಜಿ.

ಇಲ್ಲಿಂದ ಮುಂದೆ ಕೆಲಸ ಬ್ರೇಕ್ ಆಯಿಲ್‌ನದು. ಮುಚ್ಚಿದ ಜಾಗದಲ್ಲಿರುವ ದ್ರವದ ಮೇಲೆ ಎಲ್ಲಿ ಒತ್ತಿದರೂ ಆ ಒತ್ತಡ ಎಲ್ಲ ಕಡೆಗೂ ಒಂದೇ ಸಮನಾಗಿ ಹೋಗುತ್ತೆ. ಶಾಲೆಯಲ್ಲಿ ಓದಿದ ಪಾಸ್ಕಲ್ ನಿಯಮ ಇದೇ. ಮಾಸ್ಟರ್ ಸಿಲಿಂಡರಿನ ಒಳ ಅಡ್ಡಳತೆ 22 ಮಿಲಿಮೀಟರ್ ಇದ್ದರೆ ಅದರ ಪಿಸ್ಟನ್ ಮುಖ ಸುಮಾರು 3.8 ಚದರ ಸೆಂಟಿಮೀಟರ್. 240 ಕೆಜಿಯನ್ನು ಅಷ್ಟು ಚಿಕ್ಕ ಮುಖಕ್ಕೆ ಹಂಚಿದರೆ ಪ್ರತಿ ಚದರ ಸೆಂಟಿಮೀಟರಿಗೆ 63 ಕೆಜಿ ಒತ್ತಡ. ಈಗ ಕ್ಯಾಲಿಪರ್ ನೋಡಿ. ಅದರ ಪಿಸ್ಟನ್ 54 ಮಿಲಿಮೀಟರ್ ಅಗಲ, ಮುಖ ಸುಮಾರು 23 ಚದರ ಸೆಂಟಿಮೀಟರ್. ಆ ಮುಖದ ಪ್ರತಿಯೊಂದು ಚದರ ಸೆಂಟಿಮೀಟರಿನ ಮೇಲೂ ಅದೇ 63 ಕೆಜಿ ಕೂರುತ್ತೆ. ಒಟ್ಟು ಸುಮಾರು 1,450 ಕೆಜಿ. ಕಾಲಿನ 20 ಕೆಜಿ, ಪ್ಯಾಡ್ ಹತ್ತಿರ ಹೋಗುವಾಗ ಹೆಚ್ಚುಕಡಿಮೆ ಒಂದೂವರೆ ಟನ್. ಅದೂ ಒಂದು ಚಕ್ರದಲ್ಲಿ. ಇನ್ನೊಂದು ಮುಂಚಕ್ರದಲ್ಲೂ ಅಷ್ಟೇ ಇರುತ್ತೆ.

ಇಷ್ಟು ಬಲ ಪುಕ್ಕಟೆ ಬಂದದ್ದಲ್ಲ. ಬೂಸ್ಟರ್ ಸೇರಿಸಿದ್ದನ್ನು ಬಿಟ್ಟರೆ ಉಳಿದದ್ದಕ್ಕೆಲ್ಲ ದೂರದ ಲೆಕ್ಕದಲ್ಲಿ ಬೆಲೆ ಕೊಟ್ಟಿದ್ದೀರಿ. ಪೆಡಲ್ 4 ಮಿಲಿಮೀಟರ್ ಇಳಿದರೆ ರಾಡ್ 1 ಮಿಲಿಮೀಟರ್ ಮುಂದೆ ಹೋಗುತ್ತೆ. ಆಗ ಹೊರಬೀಳುವ ಆಯಿಲ್ 0.38 ಮಿಲಿಲೀಟರ್, ಅಂದರೆ ಕೆಲವೇ ಹನಿ. ಅದು ಎರಡು ಮುಂಚಕ್ರಕ್ಕೆ ಹಂಚಿಹೋದರೆ ಪ್ರತಿ ಪಿಸ್ಟನ್ ಮುಂದೆ ಬರುವುದು 0.08 ಮಿಲಿಮೀಟರ್. ಒಂದು ಹಾಳೆ ಕಾಗದದ ದಪ್ಪಕ್ಕಿಂತಲೂ ಕಡಿಮೆ! ಬ್ರೇಕಿನಲ್ಲಿ ಬಲ ಧಾರಾಳ, ದೂರ ಬಲು ದುಬಾರಿ. ಪೆಡಲಿಗೆ ಇರುವ ಒಟ್ಟು ಓಟ 12 ಸೆಂಟಿಮೀಟರ್ ಅಂದುಕೊಂಡರೆ, ಒಳ್ಳೆಯ ಸ್ಥಿತಿಯಲ್ಲಿ ಅದರಲ್ಲಿ 4 ಸೆಂಟಿಮೀಟರ್ ಪ್ಯಾಡ್ ಮತ್ತು ಶೂಗಳ ಸಂದು ಮುಚ್ಚುವುದಕ್ಕೆ, ಹೋಸ್ ಸ್ವಲ್ಪ ಹಿಗ್ಗುವುದಕ್ಕೆ ಖರ್ಚಾಗುತ್ತೆ. ಉಳಿದದ್ದು ಮೀಸಲು.

ಗಾಳಿ ತಿನ್ನುವುದು ಆ ಮೀಸಲನ್ನೇ. ಲೈನಿನಲ್ಲಿ 1 ಮಿಲಿಲೀಟರ್ ಗಾಳಿ ಇದೆ ಅನ್ನಿ, ದೊಡ್ಡ ಗುಳ್ಳೆಯೇನೂ ಅಲ್ಲ. ಬ್ರೇಕ್ ಆಯಿಲನ್ನು 63 ಕೆಜಿ ಒತ್ತಡದಲ್ಲಿ ಒತ್ತಿದರೂ ಅದು ಸಾವಿರಕ್ಕೆ ಮೂರು ಪಾಲಿನಷ್ಟು ಮಾತ್ರ ಕುಗ್ಗುತ್ತೆ. ಗಾಳಿ ಅದೇ ಒತ್ತಡದಲ್ಲಿ ಅರವತ್ತರಲ್ಲಿ ಒಂದು ಪಾಲಾಗಿಬಿಡುತ್ತೆ. ಅಂದರೆ ಆ ಗುಳ್ಳೆ ಬಹುತೇಕ ಮಾಯವಾಗಿ, ಅದು ಇದ್ದ ಜಾಗವನ್ನು ಮಾಸ್ಟರ್ ಸಿಲಿಂಡರ್ ಆಯಿಲ್ ತಳ್ಳಿ ತುಂಬಬೇಕು. ಅದಕ್ಕೆ ರಾಡ್ 2.6 ಮಿಲಿಮೀಟರ್ ಜಾಸ್ತಿ ಹೋಗಬೇಕು, ಪೆಡಲ್ ಒಂದು ಸೆಂಟಿಮೀಟರ್ ಜಾಸ್ತಿ ಇಳಿಯಬೇಕು. 3 ಮಿಲಿಲೀಟರ್ ಗಾಳಿ ಇದ್ದರೆ ಪೆಡಲ್ 3 ಸೆಂಟಿಮೀಟರ್ ಕೆಳಗೆ. ಮೊದಲ 4 ಸೆಂಟಿಮೀಟರಿಗೆ ಇದನ್ನು ಸೇರಿಸಿ ನೋಡಿ, 12ರಲ್ಲಿ 7 ಆಯಿತು. ನೀವು ಬರೆದಿರುವ "ಅರ್ಧಕ್ಕಿಂತ ಕೆಳಗೆ" ಇದೇ ಅಲ್ವಾ?

ಮೆತ್ತಗೆ ಅನ್ನಿಸುವುದಕ್ಕೂ ಕಾರಣ ಇಲ್ಲೇ ಇದೆ. ಗಾಳಿ ಶುರುವಿನಲ್ಲೇ ಹೆಚ್ಚು ಕುಗ್ಗುತ್ತೆ. ಒತ್ತಡ ಇನ್ನೂ 3 ಕೆಜಿ ತಲುಪುವಷ್ಟರಲ್ಲಿ ಗುಳ್ಳೆಯ ಮುಕ್ಕಾಲು ಭಾಗ ಮುಗಿದಿರುತ್ತೆ, 9 ಕೆಜಿಗೆ ಹತ್ತರಲ್ಲಿ ಒಂಬತ್ತು ಭಾಗ. ಹಾಗಾಗಿ ಪೆಡಲ್ ಮೊದಮೊದಲು ಸುಮ್ನೆ ಒಳಗೆ ಹೋಗುತ್ತೆ, ನಿಧಾನಕ್ಕೆ ಗಟ್ಟಿಯಾಗುತ್ತಾ ಬರುತ್ತೆ, ಬಿಟ್ಟರೆ ಕಾಲನ್ನು ಸ್ವಲ್ಪ ಹಿಂದಕ್ಕೆ ತಳ್ಳುತ್ತೆ. ಮನೆಯಲ್ಲಿ ಸೂಜಿ ಇಲ್ಲದ ಸಿರಿಂಜ್ ಇದ್ದರೆ ನೋಡಿ. ಪೂರ್ತಿ ನೀರು ತುಂಬಿ ಮೂತಿಗೆ ಬೆರಳು ಒತ್ತಿ ಹಿಡಿದು ತಳ್ಳಿದರೆ ಕಡ್ಡಿ ಅಲುಗುವುದಿಲ್ಲ. ಒಂದು ಗುಳ್ಳೆ ಬಿಟ್ಟು ತಳ್ಳಿ, ನಿಮ್ಮ ಪೆಡಲ್ ಬೆರಳಿಗೇ ಸಿಗುತ್ತೆ.

ಬಹಳ ಜನ ತಪ್ಪು ತಿಳಿಯುವ ವಿಷಯ ಒಂದಿದೆ. ಗಾಳಿ ಇದ್ದರೆ ಬ್ರೇಕಿನ ಬಲ ಸೋರಿಹೋಗುತ್ತೆ ಅಂದುಕೊಳ್ಳುತ್ತಾರೆ. ಹಾಗಾಗುವುದಿಲ್ಲ. ಗುಳ್ಳೆ ಕುಗ್ಗಿದ ಮೇಲೆ ಒತ್ತಡ ಅದರ ಮೂಲಕವೂ ಹೋಗುತ್ತೆ, ಓಟ ಬಾಕಿ ಇರುವವರೆಗೆ ಪ್ಯಾಡ್ ಮೇಲೆ ಅದೇ ಒಂದೂವರೆ ಟನ್ ಬೀಳುತ್ತೆ. ನಿಮ್ಮ ಕಾರು ಈಗಲೂ ನಿಲ್ಲುತ್ತಿರುವುದು ಅದಕ್ಕೇ. ಅಪಾಯ ಇರುವುದೂ ಅಲ್ಲೇ. ನಿಲ್ಲುತ್ತಿದೆಯಲ್ಲ ಅಂತ ಧೈರ್ಯ ಬರುತ್ತೆ, ಆದರೆ ಮೀಸಲು ಕರಗಿರುತ್ತೆ. ಉದ್ದದ ಇಳಿಜಾರಿನಲ್ಲಿ ಬ್ರೇಕ್ ಬಿಸಿಯಾದರೆ ಗುಳ್ಳೆ ಹಿಗ್ಗುತ್ತೆ. ಹಳೆಯ ಆಯಿಲ್ ನೀರಿನ ಪಸೆ ಹೀರಿಕೊಂಡಿದ್ದರೆ ಕ್ಯಾಲಿಪರ್ ಹತ್ತಿರ ಅದು ಕುದಿಯಲೂಬಹುದು. ಹೊಸ ಡಾಟ್ 4 ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಅಂತ ನಿಯಮ. ಸುಮಾರು ನೂರಕ್ಕೆ 3.7 ಭಾಗ ನೀರು ಸೇರಿದ ಸ್ಥಿತಿಗೆ ಆ ಮಿತಿ 155. ಕುದಿದು ಆವಿಯಾದರೆ ಅದೂ ಗಾಳಿಯ ಹಾಗೇ ಕುಗ್ಗುತ್ತೆ. ಒಳ್ಳೆಯ ಕಾರಿನಲ್ಲಿ ಅಷ್ಟಿಷ್ಟು ಆವಿಯನ್ನು ಮೀಸಲು ಓಟ ತಡೆದುಕೊಳ್ಳುತ್ತೆ. ನಿಮ್ಮದರಲ್ಲಿ ಪೆಡಲ್ ನೇರ ನೆಲಕ್ಕೆ ತಾಗುತ್ತೆ, ಆಮೇಲೆ ಎಷ್ಟು ಒತ್ತಿದರೂ ಒತ್ತುವುದು ನೆಲವನ್ನೇ.

ಎರಡನೇ ಸಲ ತುಳಿದಾಗ ಪೆಡಲ್ ಮೇಲೇ ನಿಲ್ಲುವುದಕ್ಕೆ ಬರೋಣ. ಪೆಡಲ್ ಪಟ್ಟನೆ ಬಿಟ್ಟಾಗ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಬೇಗ ಹಿಂದೆ ಬರುತ್ತೆ, ಲೈನಿನ ಆಯಿಲ್ ಅಷ್ಟು ಬೇಗ ವಾಪಸ್ ಬರುವುದಿಲ್ಲ. ಆ ಕೊರತೆ ತುಂಬಲು ಮೇಲಿನ ಡಬ್ಬಿಯಿಂದ ಆಯಿಲ್ ಸೀಲಿನ ಅಂಚು ದಾಟಿ ಒಳಗೆ ಬರುತ್ತೆ. ತಕ್ಷಣ ಮತ್ತೆ ತುಳಿದರೆ ಈಗ ಲೈನಿನಲ್ಲಿ ಆಯಿಲ್ ಜಾಸ್ತಿ, ಗುಳ್ಳೆ ಇನ್ನೂ ಪೂರ್ತಿ ಹಿಗ್ಗಿಲ್ಲ. ಪೆಡಲ್ ಮೇಲೇ ನಿಲ್ಲುತ್ತೆ. ಸ್ವಲ್ಪ ಹೊತ್ತು ಬಿಟ್ಟರೆ ಹೆಚ್ಚಿನ ಆಯಿಲ್ ಸಣ್ಣ ರಂಧ್ರದಿಂದ ಡಬ್ಬಿಗೆ ಮರಳುತ್ತೆ, ಮತ್ತೆ ಮೊದಲಿನ ಹಾಗೆ. ಎರಡು ಸಲ ತುಳಿದು ಓಡಿಸುವುದನ್ನು ರೂಢಿ ಮಾಡಿಕೊಂಡವರನ್ನು ನೋಡಿದ್ದೇನೆ. ಎದುರಿಗೆ ಯಾರೋ ಅಡ್ಡ ಬಂದಾಗ ಕಾಲು ತುಳಿಯುವುದು ಒಂದೇ ಸಲ.

ಮೆಕ್ಯಾನಿಕ್ ಹೇಳಿದ ಪ್ಯಾಡ್ ಮಾತಿನಲ್ಲಿ ಅರ್ಧ ನಿಜ ಇದೆ. ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳುವವರೆಗೆ ಹಿಡಿತ ಸ್ವಲ್ಪ ಕಡಿಮೆ ಇರಬಹುದು. ಪ್ಯಾಡ್ ಓರೆಯಾಗಿ ಕೂತಿದ್ದರೆ, ಕ್ಯಾಲಿಪರ್ ಜಾರುವ ಪಿನ್ ಹಿಡಿದುಕೊಂಡಿದ್ದರೆ ಪೆಡಲ್ ತುಸು ಮೆತ್ತಗೂ ಆಗುತ್ತೆ. ಆದರೆ ಮೊದಲ ತುಳಿತಕ್ಕೂ ಎರಡನೆಯದಕ್ಕೂ ಇಷ್ಟು ಅಂತರ ಬರುವುದು ಪ್ಯಾಡ್ ಸೆಟ್ ಆಗದೆ ಇರುವುದರಿಂದ ಅಲ್ಲ. ಬೂಸ್ಟರ್ ಮಾತು ಪೂರ್ತಿ ತಿರುಗುಮುರುಗು. ಬೂಸ್ಟರ್ ಹೋದರೆ ಪೆಡಲ್ ಕಲ್ಲಿನ ಹಾಗಾಗುತ್ತೆ, ಮೆತ್ತಗಾಗುವುದಿಲ್ಲ. ಎಂಜಿನ್ ಆಫ್ ಇರುವಾಗ ನಾಲ್ಕೈದು ಸಲ ತುಳಿದು, ಕಾಲು ಒತ್ತಿಟ್ಟೇ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಇಳಿದರೆ ಬೂಸ್ಟರ್ ಚೆನ್ನಾಗಿದೆ ಅಂತಲೇ ಅರ್ಥ.

ಇದು ಗಾಳಿಯೇ ಹೌದಾ ಅಂತ ಖಚಿತ ಮಾಡಿಕೊಳ್ಳಲು ನಿಂತ ಕಾರಿನಲ್ಲೇ ಎರಡು ಪರೀಕ್ಷೆ ಸಾಕು. ಮೊದಲನೆಯದು, ಎಂಜಿನ್ ಆನ್ ಮಾಡಿ ಪೆಡಲನ್ನು ಹದವಾಗಿ ಒತ್ತಿ ಅರ್ಧ ನಿಮಿಷ ಹಾಗೇ ಹಿಡಿಯಿರಿ. ಒಂದು ಕಡೆ ನಿಂತು ಅಲ್ಲೇ ಇದ್ದರೆ ಸರಿ. ನಿಧಾನಕ್ಕೆ ಇಳಿಯುತ್ತಲೇ ಹೋದರೆ ಗಾಳಿಗಿಂತ ಬೇರೆ ತೊಂದರೆ ಇದೆ. ಎಲ್ಲೋ ಸೋರುತ್ತಿದೆ, ಹೊರಗೆ ಕಾಣದಿದ್ದರೆ ಮಾಸ್ಟರ್ ಸಿಲಿಂಡರಿನ ಒಳ ಸೀಲ್ ದಾಟಿ ಹೋಗುತ್ತಿದೆ. ಎರಡನೆಯದು, ಹ್ಯಾಂಡ್‌ಬ್ರೇಕ್ ಬಿಗಿಯಾಗಿ ಎಳೆದು ಪೆಡಲ್ ತುಳಿಯಿರಿ. ಪೆಡಲ್ ಚೆನ್ನಾಗಿ ಮೇಲೆ ಬಂದರೆ ಹಿಂದಿನ ಡ್ರಮ್‌ನಲ್ಲಿ ಶೂ ಮತ್ತು ಡ್ರಮ್ ನಡುವೆ ಸಂದು ಜಾಸ್ತಿ ಇದೆ. ಅದರಲ್ಲೂ ಎರಡನೇ ತುಳಿತಕ್ಕೆ ಪೆಡಲ್ ಮೇಲೆ ಬರುತ್ತೆ, ಹಾಗಾಗಿ ಗಾಳಿ ಅಂತ ಮೋಸ ಹೋಗುವುದು ಸುಲಭ. ಒಂದು ವ್ಯತ್ಯಾಸ ಮಾತ್ರ ಇದೆ. ಸಂದಿನ ದೋಷವಾದರೆ ಪೆಡಲ್ ಕೆಳಗೆ ಹೋಗಿ ಟಕ್ ಅಂತ ಗಟ್ಟಿಯಾಗಿ ನಿಲ್ಲುತ್ತೆ. ಗಾಳಿಯಾದರೆ ನಿಂತ ಮೇಲೂ ಪುಟಿಯುತ್ತೆ. ನಿಮ್ಮದು ಸ್ಪಾಂಜ್ ಥರ ಅಂದಿದ್ದೀರಿ, ಮುಂದಿನ ಕ್ಯಾಲಿಪರ್ ಬಿಚ್ಚಿದ ದಿನವೇ ಶುರುವಾಗಿದೆ. ಹಾಗಾಗಿ ನಾನು ಮೊದಲು ನೋಡುವುದು ಮುಂದಿನ ಚಕ್ರಗಳನ್ನೇ.

ಕ್ಯಾಲಿಪರ್ ಎಡ–ಬಲ ಅದಲುಬದಲಾದರೆ ಏನಾಗುತ್ತೆ ಅಂದರೆ: ಗಾಳಿ ಹೊರಬಿಡುವ ಬ್ಲೀಡ್ ನಿಪ್ಪಲ್ ಇರುವುದು ಕ್ಯಾಲಿಪರಿನ ಒಂದು ತುದಿಯಲ್ಲಿ. ಸರಿಯಾದ ಕಡೆಗೆ ಕೂರಿಸಿದರೆ ಆ ತುದಿ ಮೇಲೆ ಬರುತ್ತೆ. ಗಾಳಿ ಹಗುರ, ಆಯಿಲ್‌ನಲ್ಲಿ ಮೇಲಕ್ಕೇ ಏರುತ್ತೆ, ನಿಪ್ಪಲ್ ಹತ್ತಿರವೇ ಸೇರುತ್ತೆ, ಬಿಚ್ಚಿದ ಕೂಡಲೇ ಹೊರಗೆ ಬರುತ್ತೆ. ಬಹಳ ಕಾರುಗಳಲ್ಲಿ ಎರಡು ಕ್ಯಾಲಿಪರ್‌ಗಳೂ ನೋಡಲು ಒಂದೇ ಥರ, ಬೋಲ್ಟ್ ತೂತುಗಳ ಅಂತರವೂ ಒಂದೇ. ತೊಳೆಯಲು ಒಂದೇ ಟ್ರೇಗೆ ಹಾಕಿದರೆ ವಾಪಸ್ ಕೂರಿಸುವಾಗ ಅದಲುಬದಲಾಗುವುದು ಕಷ್ಟವೇನಲ್ಲ. ಆಗ ನಿಪ್ಪಲ್ ಕೆಳಗೆ ಹೋಗುತ್ತೆ. ಗಾಳಿ ಪಿಸ್ಟನ್ ಹಿಂದಿನ ಗೂಡಿನ ಮೇಲ್ಭಾಗದಲ್ಲಿ ಆರಾಮಾಗಿ ಕೂತಿರುತ್ತೆ. ಕೆಳಗಿನ ನಿಪ್ಪಲ್ಲಿನಿಂದ ಗುಳ್ಳೆ ಇಲ್ಲದ ಸ್ವಚ್ಛ ಆಯಿಲ್ ಬರುತ್ತೆ. ನೋಡಿದ ಮೆಕ್ಯಾನಿಕ್ ಪ್ರಾಮಾಣಿಕವಾಗಿಯೇ "ಏರ್ ಇಲ್ಲ" ಅನ್ನುತ್ತಾರೆ. ನನ್ನ ಹತ್ತಿರ ಹೀಗೆ ಬಂದ ಒಂದು ಕಾರಿಗೆ ಅಷ್ಟರಲ್ಲಾಗಲೇ ಹೊಸ ಮಾಸ್ಟರ್ ಸಿಲಿಂಡರ್ ಹಾಕಿ ಆಗಿತ್ತು, ಪೆಡಲ್ ಮಾತ್ರ ಹಾಗೇ ಇತ್ತು. ಚಕ್ರ ಬಿಚ್ಚಿದ ಕೂಡಲೇ ನಿಪ್ಪಲ್ ನೆಲ ನೋಡುತ್ತಿರುವುದು ಕಾಣಿಸಿತು.

ಇದನ್ನು ನೀವೇ ನೋಡಬಹುದು. ಸ್ಟೀರಿಂಗನ್ನು ಒಂದು ಕಡೆಗೆ ಪೂರ್ತಿ ತಿರುಗಿಸಿ, ಟಾರ್ಚ್ ಹಿಡಿದು ಚಕ್ರದ ಹಿಂದೆ ಇಣುಕಿ. ರಬ್ಬರ್ ಟೋಪಿ ಹಾಕಿದ ಸಣ್ಣ ಮೊಳೆಯಂಥದ್ದೇ ನಿಪ್ಪಲ್. ಅದು ಕ್ಯಾಲಿಪರಿನ ಮೇಲ್ತುದಿಯಲ್ಲಿದೆಯಾ, ಹೋಸ್ ಸೇರುವ ಜಾಗಕ್ಕಿಂತ ಮೇಲಿದೆಯಾ ಅಂತ ನೋಡಿ. ಕೆಳಗಿದ್ದರೆ ಮುಂದೆ ಹುಡುಕುವುದೇ ಬೇಡ.

ಆಗ ದಾರಿ ಎರಡು. ಸರಿಯಾದದ್ದು ಕ್ಯಾಲಿಪರ್‌ಗಳನ್ನು ಅದಲುಬದಲು ಮಾಡಿ, ಹೋಸಿನ ತಾಮ್ರದ ವಾಷರ್ ಹೊಸದು ಹಾಕಿ, ಮತ್ತೆ ಏರ್ ತೆಗೆಯುವುದು. ಅವಸರದ ದಾರಿಯೂ ಒಂದಿದೆ. ಕ್ಯಾಲಿಪರನ್ನು ಬ್ರಾಕೆಟ್‌ನಿಂದ ಬಿಚ್ಚಿ, ಪ್ಯಾಡ್‌ಗಳ ನಡುವೆ ಡಿಸ್ಕ್ ದಪ್ಪದ ಮರದ ತುಂಡು ಇಟ್ಟು, ನಿಪ್ಪಲ್ ಮೇಲೆ ಬರುವ ಹಾಗೆ ಕೈಯಲ್ಲಿ ಹಿಡಿದು ಗಾಳಿ ಬಿಡುತ್ತಾರೆ. ಪೆಡಲ್ ಅವತ್ತಿಗೆ ಸರಿಯಾಗುತ್ತೆ ಕೂಡ. ಆದರೆ ಮುಂದಿನ ಸಲ ಏರ್ ತೆಗೆಯುವವರಿಗೆ ಮತ್ತೆ ಅದೇ ಗೋಳು. ಹೋಸ್ ತಪ್ಪು ಕೋನದಲ್ಲಿ ತಿರುಚಿಕೊಂಡೇ ಉಳಿದರೆ ಚಕ್ರಕ್ಕೆ ತಾಗಿ ಸವೆಯಬಹುದು. ಮರದ ತುಂಡು ಜಾರಿದರಂತೂ ಪಿಸ್ಟನ್ ಹೊರಗೆ ಬಂದು ಕೆಲಸ ಮೊದಲಿನಿಂದ ಶುರು. ನಾನಾದರೆ ಮೊದಲನೆಯದನ್ನೇ ಮಾಡಿಸುತ್ತೇನೆ.

ನಿಪ್ಪಲ್ ಮೇಲೇ ಇದ್ದರೆ ಗಾಳಿ ಎಲ್ಲಿದೆ ಅಂತ ಹುಡುಕಬೇಕು. ಅಂಚು ದುಂಡಗಿರುವ ಹೋಸ್ ಕ್ಲಾಂಪ್‌ನಿಂದ ಒಂದೊಂದೇ ರಬ್ಬರ್ ಹೋಸನ್ನು ಒತ್ತಿ ಹಿಡಿದು ಪೆಡಲ್ ತುಳಿದು ನೋಡುತ್ತೇವೆ. ಯಾವ ಹೋಸ್ ಮುಚ್ಚಿದಾಗ ಪೆಡಲ್ ಗಟ್ಟಿಯಾಗುತ್ತೋ ಗಾಳಿ ಅದರ ಆಚೆ ಇದೆ. ಹೋಸ್ ಹಳೆಯದಾಗಿದ್ದರೆ ಒಳಗೆ ಸೀಳಬಹುದು, ಅಂಥದ್ದಕ್ಕೆ ಕ್ಲಾಂಪ್ ಹಾಕಬಾರದು. ಇಕ್ಕಳದಿಂದ ಒತ್ತುವವರನ್ನು ಅಲ್ಲೇ ತಡೆಯಿರಿ. ಎಲ್ಲ ಹೋಸ್ ಮುಚ್ಚಿದರೂ ಪೆಡಲ್ ಮೆತ್ತಗೇ ಇದ್ದರೆ ಗಾಳಿ ಮಾಸ್ಟರ್ ಸಿಲಿಂಡರಿನಲ್ಲೋ ಎಬಿಎಸ್ ಘಟಕದಲ್ಲೋ ಇದೆ. ಏರ್ ತೆಗೆಯುವಾಗ ಡಬ್ಬಿಯ ಆಯಿಲ್ ಖಾಲಿಯಾಗಲು ಬಿಟ್ಟರೆ ಹೀಗಾಗುತ್ತೆ. ಎಬಿಎಸ್ ಒಳಗೆ ಸೇರಿದ ಗಾಳಿಗೆ ಕಾಲಿನಿಂದ ತುಳಿಯುವುದು ಬಹಳ ಸಲ ಸಾಕಾಗುವುದಿಲ್ಲ. ಸ್ಕ್ಯಾನರ್ ಜೋಡಿಸಿ ಅದರ ಪಂಪು, ವಾಲ್ವ್‌ಗಳನ್ನು ಓಡಿಸುತ್ತಾ ತೆಗೆಯಬೇಕಾಗುತ್ತೆ.

ಏರ್ ತೆಗೆಯುವ ರೀತಿಯಲ್ಲೂ ಒಂದು ಎಚ್ಚರಿಕೆ. ಒಬ್ಬರು ತುಳಿದು ಹಿಡಿಯುವುದು, ಇನ್ನೊಬ್ಬರು ನಿಪ್ಪಲ್ ಬಿಚ್ಚಿ, ಪೆಡಲ್ ಮೇಲೆ ಬಿಡುವ ಮೊದಲೇ ಮುಚ್ಚುವುದು, ಇದು ಹಳೆಯ ಪದ್ಧತಿ, ಚೆನ್ನಾಗಿಯೇ ಕೆಲಸ ಮಾಡುತ್ತೆ. ಆದರೆ ಏಳು ವರ್ಷದ ಮಾಸ್ಟರ್ ಸಿಲಿಂಡರಿನಲ್ಲಿ ಪಿಸ್ಟನ್ ಯಾವತ್ತೂ ಕೊನೆಯ ತನಕ ಹೋಗಿರುವುದಿಲ್ಲ. ಆ ಕೊನೆಯ ಭಾಗದಲ್ಲಿ ಕೊಳೆ, ತುಕ್ಕು ಕೂತಿರಬಹುದು. ಪೆಡಲನ್ನು ನೆಲದವರೆಗೆ ತುಳಿದರೆ ಸೀಲ್ ಅದರ ಮೇಲೆ ಉಜ್ಜಿ ಹರಿಯುತ್ತೆ, ಇಲ್ಲದ ರೋಗ ಬರುತ್ತೆ. ಪೆಡಲ್ ಕೆಳಗೆ ಒಂದು ಮರದ ತುಂಡು ಇಟ್ಟರೆ ಸಾಕು. ಮೂರು ಸಲ ಏರ್ ತೆಗೆದಿರುವುದರಿಂದ ನಿಮ್ಮ ಕಾರಿಗೆ ಇದು ಆಗಲೇ ಆಗಿರಬಹುದು. ಅರ್ಧ ನಿಮಿಷ ಒತ್ತಿ ಹಿಡಿಯುವ ಪರೀಕ್ಷೆಯನ್ನು ಬಿಡಬೇಡಿ ಅನ್ನುವುದು ಅದಕ್ಕೇ.

ಕೆಲಸ ಮುಗಿದ ಮೇಲೆ ಕಾರು ತೆಗೆದುಕೊಳ್ಳುವ ಮೊದಲು ಗ್ಯಾರೇಜಿನಲ್ಲೇ ಕೂತು ನೋಡಿ. ಒಂದು ನಿಮಿಷ ಪೆಡಲ್ ಮುಟ್ಟದೆ ಇದ್ದು ತುಳಿಯಿರಿ, ತಕ್ಷಣ ಇನ್ನೊಮ್ಮೆ ತುಳಿಯಿರಿ. ಎರಡೂ ಸಲ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿ ಗಟ್ಟಿಯಾಗಿ ನಿಲ್ಲಬೇಕು. ನಿಪ್ಪಲ್‌ಗಳಲ್ಲಿ, ಹೋಸ್ ಸೇರುವಲ್ಲಿ ಪಸೆ ಇರಬಾರದು. ಡಬ್ಬಿಗೆ ಹಾಕುವ ಆಯಿಲ್ ಹೊಸ ಸೀಲ್ಡ್ ಬಾಟಲಿಯದ್ದೇ ಆಗಿರಲಿ, ಮುಚ್ಚಳದ ಮೇಲೆ ಬರೆದಿರುವ ಡಾಟ್ ಸಂಖ್ಯೆಯದ್ದೇ ಇರಲಿ. ನಿಪ್ಪಲ್ಲಿನಿಂದ ಹೊರಬಂದ ಆಯಿಲನ್ನು ವಾಪಸ್ ಸುರಿಯಲು ಬಿಡಬೇಡಿ. ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳಿರುತ್ತವೆ, ಅವು ಮತ್ತೆ ಲೈನಿಗೇ ಸೇರುತ್ತವೆ.